ಕಾರ್ಡ್ ಬ್ಯಾಗಲ್ಲೇ ಇತ್ತು, ದುಡ್ಡು ಹೋಗಿತ್ತು

ಕೇಳುಗರೇ, ನಮಸ್ಕಾರ.

ನಾನು ಕೋಲಾರದವನು. ಹನ್ನೆರಡು ವರ್ಷ ಎಟಿಎಂ ಮಷೀನ್ ರಿಪೇರಿ ಕೆಲಸ ಮಾಡಿದ್ದೇನೆ. ನೋಟು ಸಿಕ್ಕಿಕೊಂಡರೆ, ಪ್ರಿಂಟರ್ ಕೆಟ್ಟರೆ, ಕಾರ್ಡ್ ಹಾಕುವ ಬಾಯಿ ಕೈಕೊಟ್ಟರೆ ನಮ್ಮನ್ನು ಕರೆಯುತ್ತಿದ್ದರು. ಹಾಗೆ ಹೋದಾಗ ಕಂಡ ಒಂದು ಪ್ರಕರಣ ಹೇಳುತ್ತೇನೆ. ಎಟಿಎಂ ಮುಂದೆ ನಿಂತಾಗ ಎಲ್ಲಿ ನೋಡಬೇಕು, ಏನನ್ನು ಮುಟ್ಟಿ ನೋಡಬೇಕು ಅನ್ನೋದು ಅದರಲ್ಲೇ ಇದೆ.

2017ರ ಅಕ್ಟೋಬರ್. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಟೀಚರ್ ಇದ್ದಾರೆ. ಸೋಮವಾರ ಬೆಳಗ್ಗೆ ಏಳು ಗಂಟೆಗೇ ನಮ್ಮ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಫೋನು, ಮುಖದಲ್ಲಿ ರಕ್ತವೇ ಇಲ್ಲ. ಭಾನುವಾರ ರಾತ್ರಿ 11 ಗಂಟೆ 50 ನಿಮಿಷಕ್ಕೆ ಹತ್ತು ಸಾವಿರ, ಮತ್ತೆ ಹತ್ತು, ಮತ್ತೆ ಐದು. 12 ಗಂಟೆ ದಾಟಿದ ಮೇಲೆ ಅದೇ ಲೆಕ್ಕ ಇನ್ನೊಂದು ಸಲ. ಒಟ್ಟು ಐವತ್ತು ಸಾವಿರ. ಮೆಸೇಜ್ ಎಲ್ಲಾ ಬಂದಿತ್ತು, ಅವರು ಮಲಗಿದ್ದರು.

"ಕಾರ್ಡು ನನ್ನ ಬ್ಯಾಗಲ್ಲೇ ಇದೆ ಅಣ್ಣ. ಪಿನ್ ನಮ್ಮನೆಯವರಿಗೂ ಹೇಳಿಲ್ಲ. ದುಡ್ಡು ಹೇಗೆ ಹೋಯ್ತು?"

ಆ ಸಮಯ ನೋಡಿದಾಗಲೇ ನನಗೆ ಗೊತ್ತಾಯಿತು. ಕಾರ್ಡಿಗೆ ದಿನಕ್ಕೆ ಇಷ್ಟು ಅಂತ ಮಿತಿ ಇರುತ್ತೆ, ಅದು ಮಧ್ಯರಾತ್ರಿಗೆ ಹೊಸದಾಗಿ ಶುರುವಾಗುತ್ತೆ. ಹನ್ನೆರಡಕ್ಕೆ ಹತ್ತು ನಿಮಿಷ ಮೊದಲು ಒಂದು ದಿನದ ಮಿತಿ ಪೂರ್ತಿ, ಹನ್ನೆರಡು ಹೊಡೆದ ಮೇಲೆ ಇನ್ನೊಂದು ದಿನದ ಮಿತಿ ಪೂರ್ತಿ. ನಕಲಿ ಕಾರ್ಡ್ ಇಟ್ಟುಕೊಂಡು ಕಾಯುತ್ತಾ ನಿಂತವರು ಮಾಡುವ ಕೆಲಸ ಇದು.

ಆ ಟೀಚರ್ ಶನಿವಾರ ಸಂಜೆ ಒಂದು ಎಟಿಎಂನಲ್ಲಿ ಎರಡು ಸಾವಿರ ತೆಗೆದಿದ್ದರು. ಅದೇ ಮಷೀನಿನ ಮೇಲೆ ಆ ವಾರ ಇನ್ನೂ ಕೆಲವು ದೂರು ಬಂದವು, ನೋಡಲು ನನ್ನನ್ನೇ ಕಳಿಸಿದರು. ನಾನು ಹೋಗುವ ಹೊತ್ತಿಗೆ ಕಳ್ಳರು ಇಟ್ಟ ಸಾಮಾನು ಅಲ್ಲಿರಲಿಲ್ಲ. ಆದರೆ ಗುರುತು ಇತ್ತು. ಕಾರ್ಡ್ ಹಾಕುವ ಬಾಯಿಯ ಸುತ್ತ ಬೆರಳಾಡಿಸಿದರೆ ಅಂಟಂಟು, ಅದರ ಮೇಲೆ ಧೂಳು ಕೂತು ಕಪ್ಪಗೆ ಒಂದು ಚೌಕ. ಕೀಪ್ಯಾಡಿನ ನೇರ ಮೇಲೆ, ಸ್ಕ್ರೀನಿನ ಕೆಳಗಿನ ಅಂಚಿನಲ್ಲಿ, ಒಂದು ಗೇಣು ಉದ್ದಕ್ಕೆ ಅದೇ ಗೋಂದಿನ ಗೆರೆ. ಡಬಲ್ ಸೈಡ್ ಟೇಪ್ ಕಿತ್ತರೆ ಉಳಿಯುತ್ತಲ್ಲ, ಅದು.

ಎರಡು ಜಾಗದಲ್ಲಿ ಗೋಂದು ಯಾಕೆ ಇತ್ತು ಅನ್ನೋದೇ ಇದರ ಗುಟ್ಟು. ಕಳ್ಳನಿಗೆ ಎರಡು ವಸ್ತು ಬೇಕು. ಒಂದು, ಕಾರ್ಡಿನ ಹಿಂದೆ ಇರುವ ಕರಿ ಪಟ್ಟಿಯಲ್ಲಿನ ಮಾಹಿತಿ. ಹಳೇ ಟೇಪ್ ರೆಕಾರ್ಡರ್ ಕ್ಯಾಸೆಟ್ಟಿನ ಹಾಗೆ ಅದೂ ಅಯಸ್ಕಾಂತದ ಪಟ್ಟಿ, ಕಾರ್ಡ್ ನಂಬರು, ಯಾವ ತಿಂಗಳವರೆಗೆ ನಡೆಯುತ್ತೆ, ಎಲ್ಲಾ ಅದರಲ್ಲಿ ಬರೆದಿರುತ್ತೆ. ಮಷೀನಿನ ಬಾಯಿಯ ಮೇಲೆ ಅದೇ ಬಣ್ಣ, ಅದೇ ಆಕಾರದ ಇನ್ನೊಂದು ಬಾಯಿ ಅಂಟಿಸುತ್ತಾರೆ, ಇದೇ ಸ್ಕಿಮ್ಮರ್. ಒಳಗೆ ಕ್ಯಾಸೆಟ್ ಪ್ಲೇಯರಿನಲ್ಲಿ ಇರುವಂಥ ಒಂದು ಪುಟ್ಟ ಹೆಡ್, ಒಂದು ಬ್ಯಾಟರಿ, ಒಂದು ಮೆಮೊರಿ. ನಿಮ್ಮ ಕಾರ್ಡ್ ಅದನ್ನು ದಾಟಿ ಅಸಲಿ ಬಾಯಿಗೆ ಹೋಗುತ್ತೆ. ದುಡ್ಡು ಬರುತ್ತೆ, ರಸೀದಿ ಬರುತ್ತೆ, ಏನೂ ಅನುಮಾನ ಬರಲ್ಲ. ಪಟ್ಟಿ ಮಾತ್ರ ಕಾಪಿ ಆಗಿರುತ್ತೆ.

ಆದರೆ ಪಟ್ಟಿ ಒಂದನ್ನೇ ಇಟ್ಟುಕೊಂಡು ಎಟಿಎಂನಲ್ಲಿ ದುಡ್ಡು ತೆಗೆಯೋಕೆ ಆಗಲ್ಲ, ಪಿನ್ ಬೇಕು. ಪಿನ್ ಆ ಪಟ್ಟಿಯಲ್ಲಿ ಇರೋದಿಲ್ಲ, ನಿಮ್ಮ ಬೆರಳಲ್ಲಿ ಇರುತ್ತೆ. ಅದಕ್ಕೇ ಎರಡನೇ ಗೋಂದಿನ ಗೆರೆ. ಅಲ್ಲಿ ಒಂದು ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ ಇತ್ತು. ಅದರಲ್ಲಿ ಗುಂಡುಸೂಜಿ ತಲೆಯಷ್ಟು ತೂತು, ತೂತಿನ ಹಿಂದೆ ಕ್ಯಾಮೆರಾ. ಕ್ಯಾಮೆರಾದಲ್ಲಿ ಪಿನ್ ಒತ್ತಿದ ಸಮಯ, ಸ್ಕಿಮ್ಮರಿನಲ್ಲಿ ಕಾರ್ಡ್ ಹೋದ ಸಮಯ, ಎರಡನ್ನೂ ಜೋಡಿಸಿದರೆ ಯಾವ ಕಾರ್ಡಿಗೆ ಯಾವ ಪಿನ್ ಅಂತ ಸಿಕ್ಕಿಬಿಡುತ್ತೆ.

ಈಗ ನೋಡುವ ಕ್ರಮ. ಒಂದೂವರೆ ನಿಮಿಷ ಸಾಕು, ಕಾರ್ಡ್ ಇನ್ನೂ ಪರ್ಸಿನಲ್ಲೇ ಇರಲಿ.

ಮೊದಲು ಕಾರ್ಡ್ ಹಾಕುವ ಬಾಯಿ. ಹೆಬ್ಬೆರಳು, ತೋರುಬೆರಳಲ್ಲಿ ಅದರ ಎರಡೂ ಪಕ್ಕ ಹಿಡಿಯಿರಿ, ಬಿಗಿ ಆಗಿರುವ ಬಾಟಲಿ ಮುಚ್ಚಳ ತಿರುಗಿಸುವಷ್ಟು ಬಲ ಹಾಕಿ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಸ್ವಲ್ಪ ನಿಮ್ಮ ಕಡೆಗೂ ಎಳೆಯಿರಿ. ಮಷೀನ್ ಹಾಳಾಗುತ್ತೆ ಅಂತ ಹೆದರಬೇಡಿ. ಅಸಲಿ ಬಾಯನ್ನು ಒಳಗಿನಿಂದ ಸ್ಕ್ರೂ ಹಾಕಿ ಕೂರಿಸಿರುತ್ತೇವೆ, ಅದು ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ಕಳ್ಳ ಹೊರಗಿನಿಂದ ಅಂಟಿಸಿರುತ್ತಾನೆ, ಆಮೇಲೆ ಬಂದು ಬೇಗ ಕಿತ್ತುಕೊಂಡು ಹೋಗಬೇಕಲ್ಲ, ಹಾಗಾಗಿ ಗಟ್ಟಿಯಾಗಿ ಅಂಟಿಸೋದೂ ಇಲ್ಲ. ಲಟಕ್ ಅಂತ ಸಣ್ಣದಾಗಿ ಅಲುಗಿದರೂ ಸಾಕು, ಅಲ್ಲಿಗೆ ಬಿಟ್ಟುಬಿಡಿ.

ಕಣ್ಣಿಗೂ ಕೆಲಸ ಕೊಡಿ. ತುಂಬಾ ಮಷೀನುಗಳಲ್ಲಿ ಬಾಯಿಯ ಹತ್ತಿರ ಮಿಣುಕುವ ದೀಪ ಇರುತ್ತೆ, ಕಾರ್ಡ್ ಯಾವ ಕಡೆ ಮಾಡಿ ಹಾಕಬೇಕು ಅಂತ ಚಿತ್ರ ಇರುತ್ತೆ. ಆ ದೀಪ ಮುಚ್ಚಿಹೋಗಿದ್ದರೆ, ಚಿತ್ರ ಅರ್ಧ ಮಾತ್ರ ಕಾಣುತ್ತಿದ್ದರೆ, ಮೇಲೆ ಏನೋ ಕೂತಿದೆ ಅಂತ ಅರ್ಥ. ಒಂದು ವಿಷಯದಲ್ಲಿ ಮಾತ್ರ ಜನ ಉಲ್ಟಾ ಮೋಸ ಹೋಗುತ್ತಾರೆ. ಕೆಲವು ಬ್ಯಾಂಕಿನವರು ಸ್ಕಿಮ್ಮರ್ ಅಂಟಿಸಬಾರದು ಅಂತಲೇ ಹಸಿರು ಬಣ್ಣದ, ಉಬ್ಬಿದ, ಗಾಜಿನ ಥರದ ಬಾಯಿ ಹಾಕಿರುತ್ತಾರೆ. ಅದನ್ನೇ ನೋಡಿ ಸ್ಕಿಮ್ಮರ್ ಅಂತ ನನಗೆ ಫೋನ್ ಮಾಡಿದವರಿದ್ದಾರೆ. ಅಂಥ ಅನುಮಾನ ಬಂದರೆ, ಅದೇ ರೂಮಿನಲ್ಲಿ ಅದೇ ಥರದ ಇನ್ನೊಂದು ಮಷೀನ್ ಇದ್ದರೆ ಎರಡನ್ನೂ ಹೋಲಿಸಿ ನೋಡಿ. ಎರಡೂ ಒಂದೇ ಥರ ಇದ್ದರೆ ಸರಿ, ಒಂದರಲ್ಲಿ ಮಾತ್ರ ಉಬ್ಬು ಇದ್ದರೆ ಆ ಮಷೀನ್ ಮುಟ್ಟಬೇಡಿ.

ಆಮೇಲೆ ಕ್ಯಾಮೆರಾ. ಅಷ್ಟು ಸಣ್ಣ ತೂತನ್ನು ಎಲ್ಲಿ ಅಂತ ಹುಡುಕೋದು, ಅಲ್ವಾ? ಅದಕ್ಕೆ ಒಂದು ಸುಲಭದ ದಾರಿ ಇದೆ. ಕ್ಯಾಮೆರಾಗೆ ಕೀಪ್ಯಾಡ್ ಕಾಣಲೇಬೇಕು. ಹಾಗಾದರೆ ಕೀಪ್ಯಾಡಿಗೂ ಕ್ಯಾಮೆರಾ ಕಾಣಬೇಕು. ಸ್ವಲ್ಪ ಬಗ್ಗಿ, ನಿಮ್ಮ ಮುಖವನ್ನು ಕೀಪ್ಯಾಡ್ ಹತ್ತಿರ ತಂದು, ಅಲ್ಲಿಂದ ಮೇಲಕ್ಕೆ ನೋಡಿ. ಏನೇನು ಕಾಣುತ್ತೋ ಅಷ್ಟನ್ನು ಮಾತ್ರ ಪರೀಕ್ಷೆ ಮಾಡಿದರೆ ಸಾಕು. ಸ್ಕ್ರೀನಿನ ಕೆಳಗಿನ ಅಂಚು, ಮೇಲಿನ ಲೈಟಿನ ಪಟ್ಟಿ, ಪಕ್ಕದ ಗೋಡೆ, ಪಾಂಪ್ಲೆಟ್ ಇಡುವ ಡಬ್ಬ. ಫೋನಿನ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದು ನಿಧಾನವಾಗಿ ಆ ಜಾಗಗಳ ಮೇಲೆ ಆಡಿಸಿ. ಪ್ಲಾಸ್ಟಿಕ್ ಮಂಕಾಗಿ ಇರುತ್ತೆ, ಲೆನ್ಸ್ ಇದ್ದರೆ ಬೆಕ್ಕಿನ ಕಣ್ಣಿನ ಹಾಗೆ ಒಂದು ಚುಕ್ಕೆ ಮಿಂಚುತ್ತೆ. ಬ್ಯಾಂಕಿನ ಕ್ಯಾಮೆರಾ ಇರೋದು ನಿಮ್ಮ ಮುಖ ನೋಡೋಕೆ. ಕೀಪ್ಯಾಡ್ ಕಡೆ ಬಗ್ಗಿ ನೋಡುವ ತೂತು ಬ್ಯಾಂಕಿನದಲ್ಲ.

ಇನ್ನು ಕೀಪ್ಯಾಡ್. ಕೆಲವರು ಕ್ಯಾಮೆರಾ ಬದಲು ಅಸಲಿ ಕೀಪ್ಯಾಡ್ ಮೇಲೆ ನಕಲಿ ಕೀಪ್ಯಾಡ್ ಕೂರಿಸುತ್ತಾರೆ, ನೀವು ಒತ್ತಿದ್ದು ಎರಡಕ್ಕೂ ತಲುಪುತ್ತೆ. ಅದರ ಅಂಚಿಗೆ ಉಗುರು ಹಾಕಿ ನೋಡಿ. ಅಸಲಿಯದು ಮಷೀನಿನ ಮೈಗೆ ಸರಿಯಾಗಿ ಕೂತಿರುತ್ತೆ, ನಕಲಿ ಸ್ವಲ್ಪ ಎತ್ತರಕ್ಕಿದ್ದು ಉಗುರಿಗೆ ಸಂದು ಸಿಗುತ್ತೆ. ಒತ್ತಿದಾಗ ಮೆತ್ತಗೆ ಅನಿಸಿದರೆ, ಒಂದೇ ಸಲಕ್ಕೆ ಅಂಕಿ ಬೀಳದೆ ಎರಡು ಸಲ ಒತ್ತಬೇಕಾಗಿ ಬಂದರೆ, ಕ್ಯಾನ್ಸಲ್ ಒತ್ತಿ ಕಾರ್ಡ್ ವಾಪಸ್ ತೆಗೆದುಕೊಳ್ಳಿ.

ಇದೆಲ್ಲ ಮಾಡಿದರೂ ಸಿಗದೇ ಇರುವುದೂ ಇದೆ, ಅದನ್ನು ಮುಚ್ಚಿಡಲ್ಲ. ಕಾಗದದಷ್ಟು ತೆಳ್ಳಗೆ ಮಾಡಿ ಬಾಯಿಯ ಒಳಗೇ ತಳ್ಳಿಬಿಡುವ ಸ್ಕಿಮ್ಮರ್ ಬಂದಿವೆ. ಹೊರಗಿನಿಂದ ಎಷ್ಟು ಅಲ್ಲಾಡಿಸಿದರೂ ಅವು ಗೊತ್ತಾಗಲ್ಲ. ಆದರೆ ಅವಕ್ಕೂ ಪಿನ್ ಬೇಕೇ ಬೇಕು. ಹಾಗಾಗಿ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳೋದು ಎಡಗೈ ಬಗ್ಗೆ. ಸುಮ್ನೆ ಪಕ್ಕದಲ್ಲಿ ಅಡ್ಡ ಹಿಡಿಯೋದಲ್ಲ, ಕ್ಯಾಮೆರಾ ಮೇಲಿಂದ ನೋಡುತ್ತೆ. ದೀಪ ಆರದಂತೆ ಗಾಳಿಗೆ ಅಂಗೈ ಮರೆ ಮಾಡುತ್ತೀವಲ್ಲ, ಹಾಗೆ ಕೀಪ್ಯಾಡಿನ ಮೇಲೆ ಗೂಡು ಕಟ್ಟಿ. ಹಾಗೆ ಮುಚ್ಚಿದರೆ ನಮಗೇ ಅಂಕಿ ಕಾಣಲ್ಲ ಅನ್ನುತ್ತಾರೆ. 5ರ ಮೇಲೆ ಒಂದು ಸಣ್ಣ ಉಬ್ಬು ಚುಕ್ಕೆ ಇದೆ, ಕಣ್ಣು ಕಾಣದವರಿಗಾಗಿ ಇಟ್ಟಿರುವುದು. ನಡುಬೆರಳನ್ನು ಅದರ ಮೇಲೆ ಇಟ್ಟರೆ ಮೇಲೆ 2, ಕೆಳಗೆ 8, ಆಚೀಚೆ 4 ಮತ್ತು 6. ನೋಡದೇ ಒತ್ತಬಹುದು. ನಾಲ್ಕು ಸಲ ಅಭ್ಯಾಸ ಮಾಡಿ, ಬಂದುಬಿಡುತ್ತೆ.

ಈಗ ಎಲ್ಲಾ ಕಾರ್ಡಿನಲ್ಲೂ ಚಿಪ್ ಇದೆಯಲ್ಲ, ಇನ್ನೇನು ಭಯ ಅಂತ ಕೇಳುತ್ತೀರಿ. ನಿಜ, ಬರೀ ಪಟ್ಟಿ ಇರುವ ಕಾರ್ಡುಗಳನ್ನು 2018ರ ಡಿಸೆಂಬರ್ 31ರ ಒಳಗೆ ಬದಲಾಯಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಚಿಪ್ ಪ್ರತಿ ಸಲವೂ ಹೊಸ ಗುಟ್ಟಿನ ಸಂಖ್ಯೆ ಕೊಡುತ್ತೆ, ಅದನ್ನು ಕಾಪಿ ಹೊಡೆದು ಪ್ರಯೋಜನ ಇಲ್ಲ. ಆದರೆ ನಿಮ್ಮ ಕಾರ್ಡ್ ತಿರುಗಿಸಿ ನೋಡಿ, ಹಿಂದೆ ಕರಿ ಪಟ್ಟಿ ಇನ್ನೂ ಇರುತ್ತೆ. ಚಿಪ್ ಕೇಳದೆ ಪಟ್ಟಿಯನ್ನೇ ಒಪ್ಪುವ ಮಷೀನ್ ಎಲ್ಲಿದೆಯೋ ಅಲ್ಲಿಗೆ ನಕಲಿ ಕಾರ್ಡ್ ಹೋಗುತ್ತೆ, ಅದು ಬೇರೆ ದೇಶದಲ್ಲೇ ಇರಬಹುದು. ಹೊರದೇಶದ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಆಫ್ ಮಾಡಬಹುದು. ದುಬೈಗೋ ಸಿಂಗಾಪುರಕ್ಕೋ ಹೋಗುವಾಗ ಆನ್ ಮಾಡಿದ್ದವರು ವಾಪಸ್ ಬಂದ ಮೇಲೆ ಆಫ್ ಮಾಡಿದ್ದಾರಾ, ಇವತ್ತೇ ನೋಡಿಕೊಳ್ಳಿ. ಫೋನಿನಲ್ಲಿ ಯುಪಿಐ ಇರುವವರಿಗೆ ಕಾರ್ಡೇ ಇಲ್ಲದೆ, ಸ್ಕ್ರೀನಿನ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ತೆಗೆಯುವ ದಾರಿಯೂ ಕೆಲವು ಮಷೀನುಗಳಲ್ಲಿದೆ. ಅಲ್ಲಿ ಸ್ಕಿಮ್ಮರಿಗೆ ಓದೋಕೆ ಏನೂ ಸಿಗಲ್ಲ. ಹೋಟೆಲ್, ಪೆಟ್ರೋಲ್ ಬಂಕ್ ವಿಷಯದಲ್ಲಿ ಒಂದೇ ಮಾತು. ಕಾರ್ಡ್ ಕಣ್ಣು ಮರೆಗೆ ಹೋಗಬಾರದು, ಮಷೀನೇ ನಿಮ್ಮ ಹತ್ತಿರ ಬರಲಿ.

ಏನಾದರೂ ಅಂಟಿಸಿದ್ದು ಸಿಕ್ಕರೆ ಕಿತ್ತುಕೊಳ್ಳಬೇಡಿ. ಕಳ್ಳ ಹತ್ತಿರದಲ್ಲೇ ಇರಬಹುದು, ಅದರ ಮೇಲೆ ಅವನ ಬೆರಳಚ್ಚೂ ಇರುತ್ತೆ. ಹೊರಗೆ ಬಂದು, ಬೇರೆಯವರು ಒಳಗೆ ಹೋಗದಂತೆ ಹೇಳಿ, 112ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ ತಿಳಿಸಿ.

ದುಡ್ಡು ಹೋಗಿಬಿಟ್ಟಿದ್ದರೆ ಮೊದಲು ಕಾರ್ಡ್ ಬ್ಲಾಕ್, ಆಮೇಲೆ 1930. ಮಾತಲ್ಲಿ ಹೇಳಿ ಸುಮ್ಮನಾಗಬೇಡಿ, ದೂರಿನ ನಂಬರ್ ತಗೊಳ್ಳಿ. ಆ ಟೀಚರ್ ಕೈ ಹಿಡಿದಿದ್ದು ಇದೇ. 2017ರ ಜುಲೈನಲ್ಲಿ ಬಂದ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವನದು ಅಂತಾದರೆ, ಬ್ಯಾಂಕಿನ ಮೆಸೇಜ್ ಬಂದ ದಿನ ಬಿಟ್ಟು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರಲ್ಲ. ನಾಲ್ಕರಿಂದ ಏಳನೇ ದಿನಕ್ಕೆ ಹೋದರೆ ಸಾಮಾನ್ಯ ಉಳಿತಾಯ ಖಾತೆಯವರಿಗೆ ಹತ್ತು ಸಾವಿರದವರೆಗೆ ಹೊರೆ ಬೀಳಬಹುದು. ತಪ್ಪು ನಿಮ್ಮದೇ ಅಂತ ಬ್ಯಾಂಕ್ ಹೇಳಿದರೆ, ಅದನ್ನು ರುಜುವಾತು ಮಾಡಬೇಕಾದವರೂ ಬ್ಯಾಂಕಿನವರೇ.

ಅವತ್ತು ನಮ್ಮ ಮನೆ ಜಗಲಿ ಮೇಲೆ ಕೂತೇ ಅವರು ಕಾರ್ಡ್ ಬ್ಲಾಕ್ ಮಾಡಿಸಿದರು. ಹತ್ತೂವರೆಗೆ ಬ್ಯಾಂಕಿಗೆ ಹೋಗಿ ಬರಹದಲ್ಲಿ ದೂರು ಕೊಟ್ಟರು, ಜೊತೆಗೆ ಪಾಸ್‌ಬುಕ್ ಜೆರಾಕ್ಸ್, ಮೆಸೇಜುಗಳ ಪ್ರತಿ. ದೂರು ಕೊಟ್ಟ ಹತ್ತು ಕೆಲಸದ ದಿನದೊಳಗೆ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ತುಂಬಬೇಕು ಅನ್ನುವ ನಿಯಮವೂ ಅದೇ ಸುತ್ತೋಲೆಯಲ್ಲಿದೆ. ಒಂಬತ್ತನೇ ದಿನ ಐವತ್ತು ಸಾವಿರ ಬಂತು. ಅದೇ ಮಷೀನಿನಲ್ಲಿ ಕಳೆದುಕೊಂಡ ಇನ್ನೊಬ್ಬರು, ಟೊಮೆಟೊ ಮಂಡಿಯಲ್ಲಿ ಮಾಲು ಮಾರಿ ಬಂದ ರೈತರು, ಮೆಸೇಜ್ ಓದಿಸಿಕೊಂಡದ್ದೇ ಎರಡು ವಾರ ಆದ ಮೇಲೆ. ಅವರು ತಿಂಗಳುಗಟ್ಟಲೆ ಓಡಾಡಿದರು.

ನಮಸ್ಕಾರ.