ಪೋಸ್ಟ್‌ಗಿಂತ ಉತ್ತರಕ್ಕೇ ಜಾಸ್ತಿ ಲೈಕ್ ಬಿದ್ದಾಗ

ಕೇಳುಗರಿಗೆ ನಮಸ್ಕಾರ.

ಪರಿಚಯದವರು ಯಾರೋ ನಿಮ್ಮ ಮೊಬೈಲಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಮೇಲೆ ಒಬ್ಬರ ಪೋಸ್ಟ್, ಅದರ ಕೆಳಗೆ ಇನ್ನೊಬ್ಬರ ಉತ್ತರ. ಜೊತೆಗೆ ‘ಪಾಪ, ರೇಶಿಯೋ ಆಗಿಬಿಟ್ಟ’ ಅಂತ ಒಂದು ಸಾಲು. ಏನಾಯಿತು ಅಂತ ಗೊತ್ತಾಗುವುದಿಲ್ಲ. ಕೇಳಲು ಸಂಕೋಚ. ಸುಮ್ನೆ ನೀವೂ ಒಂದು ನಗುವ ಮುಖ ಕಳಿಸಿ ಮುಗಿಸುತ್ತೀರಿ. ಇವತ್ತು ಅಂಥ ಒಂದು ಚಿತ್ರವನ್ನು ನಿಧಾನವಾಗಿ ಓದೋಣ.

ಹಿಂದೆ ಟ್ವಿಟರ್ ಆಗಿದ್ದು 2023ರಲ್ಲಿ ಎಕ್ಸ್ ಅಂತ ಹೆಸರು ಬದಲಿಸಿಕೊಂಡ ಜಾಲತಾಣದ ಚಿತ್ರ ಅಂದುಕೊಳ್ಳಿ. ಉದಾಹರಣೆ ನಾನೇ ಕಟ್ಟಿದ್ದು. ಮೇಲಿನ ಪೋಸ್ಟಿನಲ್ಲಿ ಒಬ್ಬ ಮ್ಯಾನೇಜರ್ ಬರೆದಿದ್ದಾರೆ: ‘ರಜೆ ಕೇಳುವವರಿಗೆ ಕೆಲಸದ ಮೇಲೆ ಪ್ರೀತಿ ಇಲ್ಲ. ಐದು ವರ್ಷದಲ್ಲಿ ನಾನು ಒಂದೇ ಒಂದು ರಜೆ ಹಾಕಿಲ್ಲ.’ ಕೆಳಗಿನ ಉತ್ತರ: ‘ಅಂದರೆ ಐದು ವರ್ಷದಿಂದ ನಿಮ್ಮ ಆಫೀಸಿನವರಿಗೆ ಒಂದು ದಿನವೂ ನೆಮ್ಮದಿ ಇಲ್ಲ.’

ಮಾತು ಓದಿ ನಕ್ಕಿದ್ದಾಯಿತು. ಈಗ ಅದರ ಕೆಳಗಿನ ಸಾಲು ನೋಡಿ. ಸಣ್ಣ ಸಣ್ಣ ಗುರುತು, ಒಂದೊಂದರ ಪಕ್ಕ ಒಂದೊಂದು ಅಂಕಿ. ಮಾತಿನ ಗುಳ್ಳೆಯಂಥದು ಎಷ್ಟು ಉತ್ತರ ಬಂದಿವೆ ಅಂತ ಹೇಳುತ್ತದೆ. ಸುತ್ತುವ ಎರಡು ಬಾಣ ಎಷ್ಟು ಜನ ಮುಂದಕ್ಕೆ ಹಂಚಿದರು ಅನ್ನುವುದಕ್ಕೆ. ಹೃದಯ ಲೈಕಿಗೆ. ಪುಟ್ಟ ಕಂಬಗಳಂತೆ ಕಾಣುವುದು ಎಷ್ಟು ಸಲ ಕಣ್ಣಿಗೆ ಬಿತ್ತು ಅನ್ನುವುದಕ್ಕೆ. ಅಂಕಿಯ ಪಕ್ಕ K ಇದ್ದರೆ ಸಾವಿರ, M ಇದ್ದರೆ ಹತ್ತು ಲಕ್ಷ.

ನಮ್ಮ ಮ್ಯಾನೇಜರ್ ಪೋಸ್ಟಿಗೆ 2.3K ಉತ್ತರ, 940 ಲೈಕ್, 600K ನೋಟ. ಕೆಳಗಿನ ಉತ್ತರಕ್ಕೆ 31K ಲೈಕ್, 550K ನೋಟ. ಮೇಲಿನದನ್ನು ಆರು ಲಕ್ಷ ಸಲ ನೋಡಿದ್ದಾರೆ, ಮೆಚ್ಚಿದವರು ಸಾವಿರವೂ ಇಲ್ಲ. ಅಂದರೆ ಸುಮಾರು 640 ನೋಟಕ್ಕೆ ಒಂದು ಲೈಕ್. ಉತ್ತರಕ್ಕೆ ಸುಮಾರು 18 ನೋಟಕ್ಕೇ ಒಂದು. ಹೆಚ್ಚು ಕಡಿಮೆ ಅಷ್ಟೇ ಸಲ ಕಂಡ ಎರಡು ಮಾತು, ಆದರೆ ಒಂದಕ್ಕೆ ಇನ್ನೊಂದರ 33 ಪಟ್ಟು ಲೈಕ್. ಇದನ್ನೇ ಜನ ರೇಶಿಯೋ ಆಗುವುದು ಅನ್ನುತ್ತಾರೆ. ತನ್ನ ಪೋಸ್ಟಿನ ಅಡಿಯಲ್ಲೇ, ತನ್ನನ್ನು ಅಲ್ಲಗಳೆದವರಿಗೆ ತನಗಿಂತ ಜಾಸ್ತಿ ಮೆಚ್ಚುಗೆ ಸಿಗುವುದು.

ಇದಕ್ಕೆ ಇಷ್ಟು ಬೆಲೆ ಯಾಕೆ ಬಂತು? ಅಲ್ಲಿ ‘ನನಗಿದು ಇಷ್ಟವಿಲ್ಲ’ ಅಂತ ಒತ್ತಿ, ಆ ಲೆಕ್ಕ ಎಲ್ಲರಿಗೂ ಕಾಣುವಂತೆ ಮಾಡುವ ಗುಂಡಿ ಇಲ್ಲ. ಒಪ್ಪದವರು ಒಂದೋ ತಾವೇ ಬಯ್ದು ಬರೆಯಬೇಕು, ಇಲ್ಲ ಬಯ್ದವರಿಗೆ ಹೃದಯ ಒತ್ತಬೇಕು. ಬರೆಯುವುದು ಕಷ್ಟ, ಒತ್ತುವುದು ಸುಲಭ. ಹಾಗಾಗಿ ಚೆನ್ನಾಗಿ ಕುಟುಕಿದ ಒಂದು ಉತ್ತರಕ್ಕೆ ಎಲ್ಲರ ಅಸಮಾಧಾನವೂ ಬಂದು ಸೇರುತ್ತದೆ.

ಮೊದಮೊದಲು ಲೆಕ್ಕ ಬೇರೆ ಥರ ಇತ್ತು. ಆಗ ಒಂದೇ ಪೋಸ್ಟಿನ ಎರಡು ಅಂಕಿ ಹೋಲಿಸುತ್ತಿದ್ದರು. ಉತ್ತರಗಳು ಲೈಕಿಗಿಂತ ತುಂಬಾ ಜಾಸ್ತಿ ಇದ್ದರೆ ಬೈಗುಳ ಬೀಳುತ್ತಿದೆ ಅಂತ ಅರ್ಥ. 2017ರ ಏಪ್ರಿಲ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್ ಸಿಬ್ಬಂದಿಗೆ ಸೀಟು ಬೇಕೆಂದು ಒಬ್ಬ ಪ್ರಯಾಣಿಕರನ್ನು ವಿಮಾನದಿಂದ ಎಳೆದು ಹೊರಹಾಕಿದ ಘಟನೆ ನಡೆಯಿತು. ಕಂಪನಿಯ ಮುಖ್ಯಸ್ಥರ ಹೇಳಿಕೆಯನ್ನು ಟ್ವಿಟರ್‌ನಲ್ಲಿ ಹಾಕಿದಾಗ ಲೈಕುಗಳನ್ನು ಎಷ್ಟೋ ಹಿಂದೆ ಹಾಕಿ ಉತ್ತರಗಳು ಸುರಿದವು. ಆ ಹಳೆಯ ಲೆಕ್ಕ ಈಗಲೂ ಇದೆ. ಆದರೆ ಅದರಲ್ಲೊಂದು ತೊಡಕು. ‘ನೀವು ಮೊದಲು ಕಲಿತ ಕೆಲಸ ಯಾವುದು?’ ಅಂತ ಯಾರಾದರೂ ಕೇಳಿದರೂ ಸಾವಿರಾರು ಉತ್ತರ ಬರುತ್ತವೆ, ಲೈಕ್ ಕಡಿಮೆಯೇ ಇರುತ್ತದೆ. ಅಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಉತ್ತರದ ಲೈಕನ್ನು ಪೋಸ್ಟಿನ ಲೈಕಿನ ಪಕ್ಕ ಇಟ್ಟು ನೋಡುವುದೇ ಹೆಚ್ಚು ನಂಬಿಕೆಯ ಲೆಕ್ಕ.

ಅದನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಒಬ್ಬರು ತಮ್ಮ ಬೆಕ್ಕು ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಫೋಟೋ ಹಾಕುತ್ತಾರೆ. ಕೆಳಗೆ ಯಾರೋ ‘ಪಾರ್ಸೆಲ್ ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ’ ಅಂತ ಬರೆಯುತ್ತಾರೆ. ಉತ್ತರಕ್ಕೇ ಮೂರು ಪಟ್ಟು ಲೈಕ್. ಅಂಕಿ ಮಾತ್ರ ನೋಡಿದರೆ ಇದೂ ರೇಶಿಯೋ. ಆದರೆ ಫೋಟೋ ಹಾಕಿದವರೂ ನಗುತ್ತಿರುತ್ತಾರೆ, ಅವರೇನೂ ಸೋತಿಲ್ಲ. ಆದ್ದರಿಂದ ಉತ್ತರ ಪೋಸ್ಟನ್ನು ಅಲ್ಲಗಳೆಯುತ್ತಿದೆಯಾ, ಇಲ್ಲ ಜೊತೆಗೂಡಿ ತಮಾಷೆ ಮಾಡುತ್ತಿದೆಯಾ ಅಂತ ಓದಿಯೇ ತಿಳಿಯಬೇಕು.

ಇನ್ನೊಂದು, ಉತ್ತರ ಕೊಟ್ಟವರು ಯಾರು ಅನ್ನುವುದು. ಹತ್ತು ಲಕ್ಷ ಹಿಂಬಾಲಕರಿರುವ ಒಬ್ಬರು, ಇನ್ನೂರು ಹಿಂಬಾಲಕರಿರುವ ಹುಡುಗನ ಪೋಸ್ಟಿಗೆ ಹೋಗಿ ಒಂದು ಸಾಲು ಬರೆದರೆ ಗುಂಪಿನಲ್ಲಿ ಗೋವಿಂದ ಅಂತ ಲೈಕ್ ಬೀಳುತ್ತವೆ. ಅದರಲ್ಲಿ ಮಾತಿನ ತೂಕಕ್ಕಿಂತ ಆಳಿನ ತೂಕವೇ ಜಾಸ್ತಿ. ಉಲ್ಟಾ ಆದಾಗ, ಅಂದರೆ ಯಾರಿಗೂ ಗೊತ್ತಿಲ್ಲದವರ ಉತ್ತರ ದೊಡ್ಡವರ ಪೋಸ್ಟನ್ನು ಮೀರಿಸಿದಾಗ, ಅದಕ್ಕೊಂದು ಅರ್ಥ ಇದೆ. ಅಷ್ಟಾದರೂ ಅದು ಹೇಳುವುದು ನೋಡಿದವರಿಗೆ ಏನು ಹಿಡಿಸಿತು ಅಂತ ಮಾತ್ರ. ತಪ್ಪು ಮಾಹಿತಿಯ ಉತ್ತರವೂ ಸರಿಯಾದ ಪೋಸ್ಟನ್ನು ರೇಶಿಯೋ ಮಾಡಬಹುದು. ಹಾಸ್ಯ ಇದ್ದರೆ ಸಾಕು.

ಕೆಲವರು ಬೇರೇನೂ ಬರೆಯದೆ ಬರೀ ratio ಅಂತ ಹಾಕಿ ಹೋಗುತ್ತಾರೆ. ಅದು ಸವಾಲು. ಲೈಕ್ ಬಂದರೆ ಗೆದ್ದರು, ಮೂರೇ ಬಿದ್ದರೆ ಅವರದೇ ಮರ್ಯಾದೆ ಹೋಯಿತು.

ಇದೆಲ್ಲ ತಾಣದ ಒಳಗಿನ ಮಾತು. ಸ್ಕ್ರೀನ್‌ಶಾಟ್ ಆದ ಮೇಲೆ ಇನ್ನೊಂದಿಷ್ಟು ಅನುಮಾನ ಸೇರಿಕೊಳ್ಳುತ್ತದೆ. ಮೊದಲು ನೋಡಬೇಕಾದ್ದು ಕತ್ತರಿ ಎಲ್ಲಿ ಬಿದ್ದಿದೆ ಅಂತ. ಉತ್ತರದ 31K ಕಾಣುತ್ತಿದ್ದು ಪೋಸ್ಟಿನ ಅಂಕಿಗಳ ಸಾಲು ಮಾಯವಾಗಿದ್ದರೆ ಹೋಲಿಸಲು ಏನೂ ಉಳಿದಿಲ್ಲ. ಪೋಸ್ಟಿಗೆ 90K ಲೈಕ್ ಇದ್ದಿರಬಹುದು, ಯಾರಿಗೆ ಗೊತ್ತು? ಆಮೇಲೆ ಹೆಸರಿನ ಪಕ್ಕದ ಸಮಯ. 2h ಅಂದರೆ ಪೋಸ್ಟ್ ಹಾಕಿ ಎರಡು ಗಂಟೆಯಾದಾಗ ತೆಗೆದ ಚಿತ್ರ. ಅಂಕಿಗಳು ಅಲ್ಲಿಗೇ ನಿಂತಿವೆ. ಮರುದಿನದ ಹೊತ್ತಿಗೆ ಲೆಕ್ಕ ತಿರುಗಿ ಬಿದ್ದಿರಬಹುದು. ಕಂಪ್ಯೂಟರಿನ ಬ್ರೌಸರಿನಲ್ಲಿ ಪರದೆಯ ಮೇಲಿನ ಅಂಕಿಯನ್ನು ತಮ್ಮ ಮಟ್ಟಿಗೆ ತಿದ್ದಿ ಚಿತ್ರ ತೆಗೆಯುವುದು ಕೂಡ ಒಂದು ನಿಮಿಷದ ಕೆಲಸ.

ಹಾಗಾಗಿ ಅನುಮಾನ ಬಂದರೆ ಉತ್ತರದ ನಾಲ್ಕೈದು ಪದ ಟೈಪ್ ಮಾಡಿ ಎಕ್ಸ್‌ನಲ್ಲೇ ಹುಡುಕುವುದು ವಾಸಿ. ಸಿಕ್ಕರೆ ಈಗಿನ ಅಂಕಿ ನಿಮ್ಮ ಕಣ್ಣೆದುರೇ ಇರುತ್ತದೆ. ಪೋಸ್ಟ್ ಹಾಕಿದವರು ಚುಚ್ಚಿದ ಉತ್ತರವನ್ನು ಮರೆಮಾಡಿದ್ದರೂ ಅದು ಅಳಿಸಿಹೋಗಿರುವುದಿಲ್ಲ, ಮರೆಮಾಡಿದ ಉತ್ತರಗಳನ್ನು ತೆರೆದು ನೋಡಬಹುದು. ಮುಜುಗರ ತಾಳದೆ ಪೋಸ್ಟನ್ನೇ ಅಳಿಸಿದ್ದರೆ ಕಥೆ ಬೇರೆ. ಆಗ ಉತ್ತರ ಮಾತ್ರ ತನ್ನ ಅಷ್ಟೂ ಲೈಕ್ ಹೊತ್ತು ಉಳಿದಿರುತ್ತದೆ, ಪೋಸ್ಟಿದ್ದ ಜಾಗದಲ್ಲಿ ಅದನ್ನು ಅಳಿಸಲಾಗಿದೆ ಅನ್ನುವ ಸೂಚನೆ ಇರುತ್ತದೆ. ಆ 940 ನಿಜವಾಗಿ 940 ಆಗಿತ್ತಾ ಅಂತ ತಾಳೆ ನೋಡಲು ಆಮೇಲೆ ಬೇರೆಯವರು ತೆಗೆದ ಚಿತ್ರಗಳನ್ನೇ ಹುಡುಕಬೇಕು.

ನಮಸ್ಕಾರ.