ಸುಸ್ತಾದ ಮೇಲೆ ಏಳ್ತೀರಾ? ಅಷ್ಟೊತ್ತಿಗೆ ತಪ್ಪಾಗಿ ಹೋಗಿರುತ್ತೆ

ನಮಸ್ಕಾರ. ಇವತ್ತು ಕೀಬೋರ್ಡ್ ಬಗ್ಗೆ ಮಾತಾಡಬೇಕು ಅಂತ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಅಷ್ಟರಲ್ಲಿ ಹೋದ ವಿಡಿಯೋಕ್ಕೆ ಬಂದ ಒಂದು ಕಾಮೆಂಟ್ ಕಣ್ಣಿಗೆ ಬಿತ್ತು. "ಸುಸ್ತಾದಾಗ ಬ್ರೇಕ್ ತಗೊಂಡರೆ ಸಾಕು. ಗಡಿಯಾರ ನೋಡಿಕೊಂಡು ಏಳೋದು ಸೋಮಾರಿಗಳ ಕೆಲಸ." ಅದಕ್ಕೆ ಲೈಕ್ ಬೇರೆ ಬಿದ್ದಿವೆ! ಕೀಬೋರ್ಡ್ ಪಕ್ಕಕ್ಕಿರಲಿ.

ಸ್ವಾಮಿ, ನಿಮಗೆ ಸುಸ್ತು ಗೊತ್ತಾಗುವ ಮೊದಲೇ ತಪ್ಪು ಶುರುವಾಗಿರುತ್ತದೆ. ನಾನು ಹೇಳುವುದು ಇದೊಂದೇ.

ಇದು ಹೊಸ ಮಾತೂ ಅಲ್ಲ. ನಾರ್ಮನ್ ಮ್ಯಾಕ್‌ವರ್ತ್ ಅನ್ನುವ ಮನೋವಿಜ್ಞಾನಿ 1948ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ರೇಡಾರ್ ಪರದೆ ಕಾಯುವವರು ಅದರಲ್ಲಿ ಮೂಡುವ ಗುರುತನ್ನು ಯಾಕೆ ಗಮನಿಸದೆ ಬಿಡುತ್ತಾರೆ ಅನ್ನುವುದು ಪ್ರಶ್ನೆ. ಎದುರಿಗೆ ಒಂದು ಗಡಿಯಾರದ ಮುಳ್ಳು. ಅದು ಒಂದೊಂದೇ ಹೆಜ್ಜೆ ಹಾಕುತ್ತದೆ, ಅಪರೂಪಕ್ಕೆ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಆ ಜಿಗಿತ ಕಂಡರೆ ಬಟನ್ ಒತ್ತಬೇಕು. ಎರಡು ಗಂಟೆ ಇದೇ ಕೆಲಸ. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜಿಗಿತಗಳು ಕಣ್ತಪ್ಪಿ ಹೋಗುವುದು ಜಾಸ್ತಿಯಾಯಿತು. ಅರ್ಧ ಗಂಟೆ! ನೀವು "ಇನ್ನೂ ಫ್ರೆಶ್ ಆಗಿದ್ದೀನಿ" ಅನ್ನುವ ಹೊತ್ತು ಅದು.

ನನ್ನದೇ ಕಥೆ ಕೇಳಿ. ಬಿಲ್ ಎಂಟ್ರಿ ಕೆಲಸ, ಎಂಟು ಗಂಟೆ ಶಿಫ್ಟ್. ಒಮ್ಮೆ ಲೆಕ್ಕ ಕೂಡಲೇ ಇಲ್ಲ, 63 ವ್ಯತ್ಯಾಸ. ಲೆಕ್ಕದವರಿಗೆ ಈ ಗುಟ್ಟು ಗೊತ್ತು: ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾದರೆ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿವೆಯಾ ಅಂತ ಮೊದಲು ಹುಡುಕಬೇಕು. ಹುಡುಕಿದೆ. 4518 ಇರಬೇಕಾದ ಕಡೆ 4581 ಹೊಡೆದಿದ್ದೆ. ಬೆರಳು ಜಾರಿದ್ದಲ್ಲ ಅದು. ಕಣ್ಣು ನೋಡಿತ್ತು, ತಲೆ ಓದಿರಲಿಲ್ಲ. ಎಂಟ್ರಿ ಆದ ಸಮಯ ನೋಡಿದೆ. ಕೂತು ಒಂದೂವರೆ ಗಂಟೆ ಆಗಿತ್ತು, ನಡುವೆ ಎದ್ದೇ ಇರಲಿಲ್ಲ. ಆಗ ಸುಸ್ತಾಗಿತ್ತಾ? ಇಲ್ಲವೇ ಇಲ್ಲ. ಶಿಳ್ಳೆ ಹೊಡೆಯುತ್ತಾ ಕೆಲಸ ಮಾಡುತ್ತಿದ್ದೆ!

ಅವತ್ತಿನಿಂದ ಸುಮಾರು 40 ನಿಮಿಷಕ್ಕೆ ಮುಗಿಯುವಷ್ಟು ಬಿಲ್ ಮಾತ್ರ ಎತ್ತಿಕೊಳ್ಳುತ್ತೇನೆ, ನನಗೆ ಅದು 30 ಬಿಲ್. ಟೈಮರ್ ಹೊಡೆದರೂ ಕೈಯಲ್ಲಿರುವ ಬಿಲ್ ಮುಗಿಸಿ, ಸೇವ್ ಮಾಡಿಯೇ ಏಳುತ್ತೇನೆ. ಅರ್ಧದಲ್ಲಿ ಎದ್ದರೆ ವಾಪಸ್ ಬಂದಾಗ ಒಂದು ಸಾಲು ಬಿಟ್ಟುಹೋಗುವುದು ಗ್ಯಾರಂಟಿ. ಐದು ನಿಮಿಷ ನಡೆದು, ದೂರ ನೋಡಿ ಬರುತ್ತೇನೆ. ಬಂದ ಮೇಲೆ ಹೊಸ ಬಿಲ್ ಮುಟ್ಟುವ ಮೊದಲು ಹಿಂದಿನ ಕಂತಿನ ಕೊನೆಯ ಐದು ಬಿಲ್ ತಿರುಗಿ ನೋಡುತ್ತೇನೆ. ಅಲ್ಲೇ ತಪ್ಪು ಸಿಗಲು ಶುರುವಾದರೆ ಕಂತು ಉದ್ದವಾಯಿತು ಅಂತ ಅರ್ಥ. ಆಗ 30 ನಿಮಿಷಕ್ಕೆ ಇಳಿಸುತ್ತೇನೆ. ಬ್ಯಾಕ್‌ಸ್ಪೇಸ್ ಜಾಸ್ತಿ ಒತ್ತುತ್ತಿದ್ದೀರಾ, ಒಂದೇ ಅಂಕಿಯನ್ನು ಎರಡು ಸಲ ಓದುತ್ತಿದ್ದೀರಾ? ಅದೂ ಅದೇ ಸುಳಿವು.

ಫೋನ್ ಹಿಡಿದು ಕೂರುವುದು ಬ್ರೇಕ್ ಅಲ್ಲ ಬಿಡಿ. ಅದೇ ಕಣ್ಣು, ಇನ್ನೂ ಸಣ್ಣ ಪರದೆ. ನನ್ನ ವಿಡಿಯೋ ನೋಡುವುದಕ್ಕೆ ಮಾತ್ರ ವಿನಾಯಿತಿ. ಸಬ್‌ಸ್ಕ್ರೈಬ್ ಒತ್ತಿ, ಆಮೇಲೆ ಎದ್ದು ಹೋಗಿ.

ಈಗ "ಫ್ಲೋ ಹೋಗುತ್ತೆ ಸರ್" ಅನ್ನುವವರು ಬರುತ್ತಾರೆ. ಬಿಲ್ ಎಂಟ್ರಿಯಲ್ಲಿ ಎಂಥ ಫ್ಲೋ ರೀ? ಕಾದಂಬರಿ ಬರೀತಿದ್ದೀರಾ? ನೀವು ಫ್ಲೋ ಅನ್ನುವುದು ತಲೆ ಮಲಗಿ ಕೈ ಮಾತ್ರ ಓಡುವ ಸ್ಥಿತಿಗೆ. ನನ್ನ 4581 ಹುಟ್ಟಿದ್ದು ಅದೇ ಫ್ಲೋನಲ್ಲಿ.

"ಟಾರ್ಗೆಟ್ ಯಾರು ಮುಟ್ಟಿಸ್ತಾರೆ?" ಅದಕ್ಕೂ ಉತ್ತರ ಇದೆ. ಡೇಟಾ ಎಂಟ್ರಿ ಮಾಡುವವರ ಮೇಲೇ ನಡೆದ ಅಧ್ಯಯನವೊಂದು 2000ದಲ್ಲಿ ಅಮೆರಿಕದಿಂದ ಬಂತು. ದಿನಕ್ಕೆ 15 ನಿಮಿಷದ ಎರಡು ಬ್ರೇಕ್ ಇದ್ದವರಿಗೆ, ಬ್ರೇಕ್ ಇಲ್ಲದ ಗಂಟೆಗಳಲ್ಲಿ ಐದೈದು ನಿಮಿಷ ಸೇರಿಸಿದರು. ದಿನಕ್ಕೆ 20 ನಿಮಿಷ ಕೆಲಸ ಕಮ್ಮಿ. ಕಣ್ಣು ಉರಿ, ಮೈಕೈ ನೋವು ಕಮ್ಮಿಯಾಯಿತು, ಕೆಲಸದ ಪ್ರಮಾಣ ಇಳಿಯಲಿಲ್ಲ.

ಹಾಂ, ಬಿಲ್ಲೇ ಮಸುಕಾಗಿದ್ದರೆ ಬ್ರೇಕ್ ಏನೂ ಮಾಡಲ್ಲ. ಕಾಲ್ ಸೆಂಟರ್‌ನವರಿಗೆ ಕರೆ ನಡುವೆ ಏಳಲು ಆಗಲ್ಲ. ಒಪ್ಪಿದೆ. ಆದರೆ ನಿಮಗೆ ಆಗುತ್ತೆ ಅಲ್ವಾ? ಆಗಿಯೂ ಏಳಲ್ಲ! ಸುಸ್ತಾಗಲಿ ಅಂತ ಕಾಯ್ತೀರಿ! ಯಾಕೆ? ಏನು ಪದಕ ಕೊಡ್ತಾರಾ?

ಇನ್ನೂ ಒಂದು ಕಾರಣ ಬರೆದಿಟ್ಟಿದ್ದೆ, ಚೀಟಿ ಎಲ್ಲೋ ಹೋಯಿತು. ಇರಲಿ. ಲೈಕ್ ಹಾಕಿದವರೂ ಕೇಳಿಸಿಕೊಳ್ಳಿ. ನಾಳೆ ಶಿಫ್ಟ್ ಮುಗಿದ ಮೇಲೆ ನಿಮ್ಮ ಕೊನೆಯ ಗಂಟೆಯ ಹತ್ತು ಎಂಟ್ರಿ ತೆಗೆದು ಒಂದೊಂದಾಗಿ ತಾಳೆ ನೋಡಿ. ಆಮೇಲೆ ಇಲ್ಲಿಗೆ ಬಂದು ನನ್ನನ್ನು ಸೋಮಾರಿ ಅನ್ನಿ.