ಚಹಾದ ಥಿಯನೀನ್ ಕೆಫೀನಿನ ಅಬ್ಬರ ಇಳಿಸುತ್ತದೆಯೇ?

ಕೇಳುಗರೇ, ನಮಸ್ಕಾರ.

ಕಾಫಿ ಕುಡಿದರೆ ಎದೆ ಡವಡವ ಅನ್ನುತ್ತದೆ, ಚಹಾಕ್ಕೆ ಹಾಗಾಗುವುದಿಲ್ಲ ಅನ್ನುವವರು ನಿಮ್ಮ ಮನೆಯಲ್ಲೂ ಇರಬಹುದು. ಎರಡರಲ್ಲೂ ಇರುವುದು ಅದೇ ಕೆಫೀನ್. ಮತ್ತೆ ಚಹಾ ಮಾತ್ರ ಯಾಕೆ ಮೆತ್ತಗೆ? ಈಗ ಈ ಪ್ರಶ್ನೆಗೆ ಥಟ್ಟನೆ ಸಿಗುವ ಉತ್ತರ ಥಿಯನೀನ್. ಇದು ಚಹಾ ಎಲೆಯಲ್ಲಿರುವ ಒಂದು ಅಮೈನೋ ಆಮ್ಲ. ಮೆದುಳಿನಲ್ಲಿ ಗ್ಲುಟಮೇಟ್ ಅನ್ನುವ ರಾಸಾಯನಿಕದ ಸಂದೇಶವನ್ನು ಇದು ತಗ್ಗಿಸುತ್ತದೆ, ಹಾಗಾಗಿ ಕೆಫೀನಿನ ಅಬ್ಬರ ಇಳಿಯುತ್ತದೆ ಅಂತ ಹೇಳುತ್ತಾರೆ. ಈ ಮಾತಿಗೆ ಆಧಾರ ಇದೆ. ಆದರೆ ಒಂದು ಲೋಟ ಚಹಾದ ಲೆಕ್ಕ ಹಿಡಿದು ನೋಡಿದರೆ ಅದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಅನ್ನುವುದು ಬೇರೆ ವಿಷಯ. ಇವತ್ತು ಆ ಲೆಕ್ಕವನ್ನೇ ಮಾಡೋಣ.

ಥಿಯನೀನ್ ಮೊದಲು ಸಿಕ್ಕಿದ್ದು 1949ರಲ್ಲಿ, ಜಪಾನಿನಲ್ಲಿ, ಗ್ಯೊಕುರೊ ಅನ್ನುವ ಚಹಾದ ಎಲೆಯಲ್ಲಿ. ಗ್ಯೊಕುರೊ ಬೆಳೆಯುವವರು ಕುಯ್ಲಿಗೆ ಮೂರು ವಾರದಷ್ಟು ಮುಂಚೆಯೇ ಗಿಡಗಳ ಮೇಲೆ ಚಪ್ಪರ ಹಾಕಿ ಬಿಸಿಲು ತಡೆಯುತ್ತಾರೆ. ಅದಕ್ಕೆ ಕಾರಣ ಇದೆ. ಚಹಾ ಗಿಡ ಥಿಯನೀನನ್ನು ತಯಾರಿಸುವುದು ಮುಖ್ಯವಾಗಿ ಬೇರಿನಲ್ಲಿ. ಗ್ಲುಟಮೇಟ್‌ಗೆ ಈಥೈಲಮೈನ್ ಅನ್ನುವ ಒಂದು ಚಿಕ್ಕ ತುಂಡು ಸೇರಿಸಿದರೆ ಥಿಯನೀನ್ ಆಗುತ್ತದೆ. ಅದು ಬೇರಿನಿಂದ ಎಲೆಗೆ ಏರುತ್ತದೆ. ಎಲೆಗೆ ಚೆನ್ನಾಗಿ ಬಿಸಿಲು ಬಿದ್ದರೆ ಅದು ಒಡೆದು, ಒಗರು ಕೊಡುವ ಕ್ಯಾಟೆಚಿನ್‌ಗಳನ್ನು ಕಟ್ಟುವುದಕ್ಕೆ ಬಳಕೆಯಾಗುತ್ತದೆ. ನೆರಳಿದ್ದರೆ ಹಾಗೇ ಉಳಿಯುತ್ತದೆ. ಗ್ಯೊಕುರೊದಲ್ಲಿ ಒಗರು ಕಡಿಮೆ, ಸಾರಿನಂಥ ಒಂದು ರುಚಿ ಜಾಸ್ತಿ. ಆ ರುಚಿಯಲ್ಲಿ ಥಿಯನೀನಿನ ಪಾಲೂ ಇದೆ. ಗೋಬಿ ಮಂಚೂರಿಗೆ ಹಾಕುವ ಅಜಿನೊಮೊಟೊ ಕೂಡ ಗ್ಲುಟಮೇಟೇ ಅಲ್ವಾ, ಇವೆಲ್ಲ ಒಂದೇ ಕುಟುಂಬದವು.

ಆದರೆ ಈ ಇಬ್ಬರು ನೆಂಟರಲ್ಲಿ ಒಂದು ವ್ಯತ್ಯಾಸ ಇದೆ. ನಾವು ತಿಂದ ಗ್ಲುಟಮೇಟ್ ರಕ್ತದಿಂದ ಮೆದುಳಿನ ಒಳಗೆ ಸುಲಭವಾಗಿ ಹೋಗುವುದಿಲ್ಲ. ಥಿಯನೀನ್ ಹೋಗುತ್ತದೆ. ಲ್ಯೂಸಿನ್‌ನಂಥ ಅಮೈನೋ ಆಮ್ಲಗಳನ್ನು ಮೆದುಳಿಗೆ ದಾಟಿಸುವ ಒಂದು ಸಾಗಣೆ ವ್ಯವಸ್ಥೆ ಇದೆ, ಅದರಲ್ಲೇ ಇದೂ ಸೇರಿಕೊಳ್ಳುತ್ತದೆ. ಅದಕ್ಕೇ ಮೆದುಳಿನ ಸಂಶೋಧಕರು ಇದರ ಬೆನ್ನು ಹತ್ತಿದ್ದು.

ಈಗ ಕೆಫೀನ್ ಏನು ಮಾಡುತ್ತದೆ ನೋಡೋಣ. ದಿನವಿಡೀ ಎಚ್ಚರವಾಗಿದ್ದು ಕೆಲಸ ಮಾಡಿದಷ್ಟೂ ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಶೇಖರವಾಗುತ್ತದೆ. ಅದು ನರಕೋಶಗಳ ಮೇಲಿರುವ ತನ್ನ ರಿಸೆಪ್ಟರ್‌ಗಳಲ್ಲಿ ಕೂತರೆ ತೂಕಡಿಕೆ ಶುರು. ಕೆಫೀನ್ ಮಾಡುವುದು, ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅದೇ ಕೆಲಸ. ಅದು ತಾನು ಏನೂ ಹೇಳುವುದಿಲ್ಲ, ಸುಮ್ನೆ ಅಡೆನೊಸಿನ್ ಕೂರದ ಹಾಗೆ ಜಾಗ ಹಿಡಿಯುತ್ತದೆ. ಇಂಥ ಕೆಲವು ಸೀಟುಗಳು, ಗ್ಲುಟಮೇಟ್ ಬಿಡುಗಡೆ ಮಾಡುವ ನರತುದಿಗಳ ಮೇಲೇ ಇವೆ. ಅಲ್ಲಿ ಅಡೆನೊಸಿನ್ ಕೂತರೆ ಗ್ಲುಟಮೇಟ್ ಹೊರಬರುವುದು ಕಡಿಮೆಯಾಗುತ್ತದೆ. ಕರ್ಚೀಫ್ ಬಿತ್ತು ಅಂದರೆ ಆ ತಡೆ ಇಲ್ಲ. ಗ್ಲುಟಮೇಟ್ ಮೆದುಳಿನಲ್ಲಿ ಚುರುಕು ಹುಟ್ಟಿಸುವ ಮುಖ್ಯ ಸಂದೇಶವಾಹಕ. ಅದು ಹೆಚ್ಚಾದರೆ ಎಚ್ಚರವೂ ಹೆಚ್ಚು, ಕೆಲವರಿಗೆ ಚಡಪಡಿಕೆಯೂ ಹೆಚ್ಚು.

ಥಿಯನೀನ್ ಇಲ್ಲಿ ಎರಡು ಕಡೆ ಕೈ ಹಾಕಬಹುದು ಅಂತ ಸಂಶೋಧಕರು ಹೇಳುತ್ತಾರೆ. ಮೊದಲನೆಯದು, ಗ್ಲುಟಮೇಟ್ ಕೂರಬೇಕಾದ ಸೀಟಿಗೇ ಅದು ಕರ್ಚೀಫ್ ಹಾಕುವುದು. ನೋಡುವುದಕ್ಕೆ ಗ್ಲುಟಮೇಟ್‌ನಂತೆಯೇ ಇದೆಯಲ್ಲ. ಎರಡನೆಯದು ಸ್ವಲ್ಪ ಸುತ್ತುಬಳಸಿನ ದಾರಿ. ನರಕೋಶ ಹೊರಬಿಟ್ಟ ಗ್ಲುಟಮೇಟನ್ನು ಪಕ್ಕದ ಪೋಷಕ ಕೋಶಗಳು ಎಳೆದುಕೊಂಡು ಗ್ಲುಟಮೈನ್ ಆಗಿ ಬದಲಾಯಿಸಿ ವಾಪಸ್ ಕೊಡುತ್ತವೆ. ನರಕೋಶ ಅದನ್ನು ಒಳಗೆ ತೆಗೆದುಕೊಂಡು ಮತ್ತೆ ಗ್ಲುಟಮೇಟ್ ಮಾಡಿಕೊಳ್ಳುತ್ತದೆ. ಥಿಯನೀನ್ ಗ್ಲುಟಮೈನ್‌ಗೂ ತೀರಾ ಹತ್ತಿರದ ರೂಪ. ಹಾಗಾಗಿ ಗ್ಲುಟಮೈನ್ ಒಳಬರುವ ಬಾಗಿಲಲ್ಲಿ ಇದೂ ನುಗ್ಗಾಡಿ ಅಡ್ಡಿಮಾಡುತ್ತದೆ. ಮುಂದಿನ ಸಲಕ್ಕೆ ಗ್ಲುಟಮೇಟ್ ದಾಸ್ತಾನು ಕಮ್ಮಿಯಾಗುತ್ತದೆ. ನರಕೋಶಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಎರಡಕ್ಕೂ ಪುರಾವೆ ಸಿಕ್ಕಿದೆ.

2000ದಲ್ಲಿ ಜಪಾನಿನ ಒಂದು ತಂಡ ಇಲಿಗಳಿಗೆ ಕೆಫೀನನ್ನು ನೇರ ರಕ್ತನಾಳಕ್ಕೆ ಕೊಟ್ಟು ಮೆದುಳಿನ ಅಲೆಗಳನ್ನು ದಾಖಲಿಸಿತು. ಇಲಿಯ ತೂಕದ ಕಿಲೋ ಒಂದಕ್ಕೆ ಸುಮಾರು 1 ಮಿಲಿಗ್ರಾಂ ಕೆಫೀನ್ ದಾಟಿದರೆ ಅಲೆಗಳಲ್ಲಿ ಉದ್ರೇಕ ಕಂಡಿತು. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಥಿಯನೀನ್ ಅಣುಗಳನ್ನು ಕೊಟ್ಟರೆ ಆ ಉದ್ರೇಕ ಇಳಿಯಿತು. ಒಂದಕ್ಕೆ ಒಂದು, ಸರಿಸಮ. ಇವತ್ತು ಥಿಯನೀನ್ ಮಾತ್ರೆಯ ಪರ ವಾದಿಸುವವರು ಹಿಡಿದುಕೊಳ್ಳುವುದು ಇದನ್ನೇ. ಆದರೆ ಅದೇ ಪ್ರಯೋಗದ ಇನ್ನೊಂದು ಫಲಿತಾಂಶವನ್ನು ಹೇಳುವವರು ಕಡಿಮೆ. ಕೆಫೀನ್ ಇಲ್ಲದೆ ಬರೀ ಥಿಯನೀನನ್ನು ಇನ್ನೂ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಇಲಿಗಳ ಮೆದುಳು ಶಾಂತವಾಗಲಿಲ್ಲ, ಉದ್ರೇಕಗೊಂಡಿತು!

ಈಗ ಲೋಟಕ್ಕೆ ಬರೋಣ. ಬ್ರಿಟನ್ನಿನಲ್ಲಿ ಅಂಗಡಿಯ ಚಹಾಗಳನ್ನು ಅಳೆದಾಗ 200 ಮಿಲಿಲೀಟರ್ ಕಪ್ಪು ಚಹಾದಲ್ಲಿ ಸರಾಸರಿ 24 ಮಿಲಿಗ್ರಾಂ ಥಿಯನೀನ್ ಸಿಕ್ಕಿತು. ಹಸಿರು ಚಹಾದಲ್ಲಿ ಬರೀ 8. ಗ್ರೀನ್ ಟೀ ಅಂದರೆ ಥಿಯನೀನಿನ ಗಣಿ ಅಂದುಕೊಂಡವರಿಗೆ ಇದು ಅಚ್ಚರಿಯೇ. ಪುಡಿ ಎಷ್ಟು ಹೊತ್ತು ನೀರಿನಲ್ಲಿ ಇರುತ್ತದೆ ಅನ್ನುವುದರ ಮೇಲೇ ಬಹಳಷ್ಟು ನಿಂತಿದೆ. ಸ್ವಲ್ಪ ಹಾಲು, ಸಕ್ಕರೆ ಹಾಕಿದರೆ ಏನೂ ವ್ಯತ್ಯಾಸವಾಗಲಿಲ್ಲ. ಹಾಲು ಬಹಳ ಹಾಕಿದಾಗ ಮಾತ್ರ ಅಳತೆಗೆ ಸಿಗುವ ಥಿಯನೀನ್ ಇಳಿಯಿತು. ಹಾಲು ಜಾಸ್ತಿ ಹಾಕಿ ಖಡಕ್ ಚಹಾ ಮಾಡುವ ನಾವು ಇದನ್ನು ಗಮನಿಸಬೇಕು.

ಹಾಗಾಗಿ ಸುಮಾರು 25 ಮಿಲಿಗ್ರಾಂ ಅಂತ ಇಟ್ಟುಕೊಳ್ಳೋಣ. ಅಷ್ಟು ಕುಡಿದವರ ರಕ್ತವನ್ನು ಅಳೆದಿದ್ದಾರೆ. ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಥಿಯನೀನ್ ಗರಿಷ್ಠ ಮಟ್ಟ ಮುಟ್ಟುತ್ತದೆ. ಆ ಮಟ್ಟ ಲೀಟರಿಗೆ ಹತ್ತಿರ ಹತ್ತಿರ 1 ಮಿಲಿಗ್ರಾಂ. 100 ಮಿಲಿಗ್ರಾಂ ತೆಗೆದುಕೊಂಡರೆ 4ಕ್ಕಿಂತ ಸ್ವಲ್ಪ ಜಾಸ್ತಿ. ಇತ್ತ ಪ್ರಯೋಗಾಲಯದಲ್ಲಿ, ಗ್ಲುಟಮೇಟ್ ಕೂರುವ ಸೀಟುಗಳಲ್ಲಿ ಥಿಯನೀನಿಗೆ ಅತಿ ಸುಲಭವಾಗಿ ಸಿಗುವ ಬಗೆ ಆಂಪಾ ರಿಸೆಪ್ಟರ್. ಅದರಲ್ಲಿ ಅರ್ಧ ಸೀಟು ಹಿಡಿಯಬೇಕಾದರೂ ಲೀಟರಿಗೆ 4 ಮಿಲಿಗ್ರಾಂ ಮೀರಿ ಬೇಕು. ಎನ್‌ಎಮ್‌ಡಿಎ ಅನ್ನುವ ಇನ್ನೊಂದು ಬಗೆಗೆ 60ರಷ್ಟು ಬೇಕಾಯಿತು.

100 ಮಿಲಿಗ್ರಾಂ ಮಾತ್ರೆಗೆ ಲೆಕ್ಕ ಸರಿಹೋಯಿತಲ್ಲ ಅನ್ನಿಸಬಹುದು. ಇಲ್ಲಿಯೇ ಹುಷಾರಾಗಿರಬೇಕು. ನಾವು ಅಳೆದದ್ದು ರಕ್ತದಲ್ಲಿ. ಮೆದುಳಿನೊಳಗೆ ಮುಟ್ಟುವುದು ಅದಕ್ಕಿಂತ ಕಡಿಮೆ, ಯಾಕೆಂದರೆ ಆ ಬಾಗಿಲಲ್ಲಿ ಊಟದಿಂದ ಬಂದ ಬೇರೆ ಅಮೈನೋ ಆಮ್ಲಗಳೂ ಸಾಲು ನಿಂತಿರುತ್ತವೆ. ಮೇಲಾಗಿ ಆ ಪರೀಕ್ಷೆಯಲ್ಲಿ ನಿಜವಾದ ಗ್ಲುಟಮೇಟ್ ಬಂದು ಸೀಟು ಕೇಳುತ್ತಿರಲಿಲ್ಲ. ಜೀವಂತ ಮೆದುಳಿನಲ್ಲಿ ಅದು ಒಂದೊಂದು ಸಲಕ್ಕೂ ದಂಡಿಯಾಗಿ ನುಗ್ಗುತ್ತದೆ. ಆ ಸೀಟುಗಳನ್ನು ಅಂಟಿಕೊಳ್ಳುವ ಅದರ ಶಕ್ತಿಯೂ ಥಿಯನೀನಿಗಿಂತ ನೂರಾರು, ಕೆಲವು ಬಗೆಗಳಲ್ಲಿ ಸಾವಿರಾರು ಪಟ್ಟು ಹೆಚ್ಚು. ಕರ್ಚೀಫನ್ನು ಸರಿಸಿ ಕೂತುಬಿಡುತ್ತದೆ. ಒಂದು ಲೋಟ ಚಹಾದ ಥಿಯನೀನ್ ಈ ದಾರಿಯಲ್ಲಿ ಕೆಫೀನನ್ನು ಕಟ್ಟಿಹಾಕುತ್ತದೆ ಅನ್ನುವುದು ನನಗೆ ನಂಬಲು ಕಷ್ಟ. ಗ್ಲುಟಮೈನ್ ಬಾಗಿಲ ದಾರಿಯೇ ಇದಕ್ಕಿಂತ ವಾಸಿ ಅನ್ನಿಸುತ್ತದೆ, ಆದರೆ ಅದೂ ಮನುಷ್ಯರ ಮೆದುಳಿನಲ್ಲಿ ಇನ್ನೂ ಸಾಬೀತಾಗಿಲ್ಲ. ಕಪ್ಪೆಯ ಮೊಟ್ಟೆಗಳಲ್ಲಿ ಎನ್‌ಎಮ್‌ಡಿಎ ರಿಸೆಪ್ಟರ್ ಬೆಳೆಸಿ ಮಾಡಿದ ಪ್ರಯೋಗವಂತೂ ಥಿಯನೀನ್ ಅಲ್ಲಿ ತಡೆಯುವುದರ ಬದಲು ಅರೆಬರೆ ಸಹಾಯವೇ ಮಾಡುತ್ತದೆ ಅಂದಿದೆ. ಇಲಿಗಳು ಸಣ್ಣ ಪ್ರಮಾಣಕ್ಕೆ ಉದ್ರೇಕಗೊಂಡದ್ದು ಇಲ್ಲಿ ನೆನಪಾಗುತ್ತದೆ.

ಮನುಷ್ಯರ ಮೇಲೆ ನೇರವಾಗಿ ನೋಡಿದರೆ ಏನು ಸಿಗುತ್ತದೆ? 2008ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಅಧ್ಯಯನ ನನಗೆ ಮುಖ್ಯ ಅನ್ನಿಸುತ್ತದೆ. ಅದರಲ್ಲಿ 250 ಮಿಲಿಗ್ರಾಂ ಕೆಫೀನ್, 200 ಮಿಲಿಗ್ರಾಂ ಥಿಯನೀನ್ ಬಳಸಿದರು. ಒಂದು ಗುಂಪಿಗೆ ಕೆಫೀನ್ ಮಾತ್ರ, ಒಂದಕ್ಕೆ ಥಿಯನೀನ್ ಮಾತ್ರ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಸುಳ್ಳು ಮಾತ್ರೆ. ಈ ಪ್ರಮಾಣದ ಥಿಯನೀನಿಗೆ ಎಂಟು ಲೋಟ ಚಹಾ ಬೇಕು ಅನ್ನುವುದನ್ನು ನೆನಪಿಡಿ. ಕೆಫೀನ್ ರಕ್ತದೊತ್ತಡ ಏರಿಸಿತು, ಥಿಯನೀನ್ ಜೊತೆಗಿದ್ದಾಗ ಆ ಏರಿಕೆ ತಗ್ಗಿತು. ಇದು ನಿಜವಾದ ಪರಿಣಾಮ. ಆದರೆ ಜನ ಹೇಳಿಕೊಂಡ ಚಡಪಡಿಕೆ? ಅದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಇಲ್ಲ. ಎಚ್ಚರವೂ ಹಾಗೇ ಉಳಿಯಿತು. ಅಂದರೆ ಎಲ್ಲರೂ ಹೇಳುವ ಆ ಶಾಂತಿ, ಇಷ್ಟು ದೊಡ್ಡ ಪ್ರಮಾಣದಲ್ಲೂ ಅಲ್ಲಿ ಕಾಣಲಿಲ್ಲ.

ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ 50 ಮಿಲಿಗ್ರಾಂ ಕೆಫೀನ್ ಜೊತೆ 100 ಮಿಲಿಗ್ರಾಂ ಥಿಯನೀನ್ ಕೊಟ್ಟರು. ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ಹೊರಳಿಸುವುದು ಚುರುಕಾಯಿತು, ಮನಸ್ಸು ಅತ್ತಿತ್ತ ಹೋಗುವುದು ಕಡಿಮೆಯಾಯಿತು. ಒಳ್ಳೆಯದೇ. ಆದರೆ ಲೋಟದಲ್ಲಿ ಇರುವುದು ಇದರ ಉಲ್ಟಾ ಅಳತೆ, ಕೆಫೀನ್ ಜಾಸ್ತಿ, ಥಿಯನೀನ್ ಕಮ್ಮಿ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ ಇಂಥ ಹೇಳಿಕೆಗಳನ್ನು ಪರಿಶೀಲಿಸಿ, ಥಿಯನೀನಿಗೂ ಹೇಳಲಾದ ಲಾಭಗಳಿಗೂ ಸಂಬಂಧ ಸಾಬೀತಾಗಿಲ್ಲ ಅಂದಿತು.

ಹಾಗಾದರೆ ಚಹಾ ಮೆತ್ತಗೆ ಅನ್ನಿಸುವುದು ಯಾಕೆ? ನನ್ನ ಮಟ್ಟಿಗೆ ದೊಡ್ಡ ಕಾರಣ ಬಹಳ ಸರಳ. ಒಂದು ಲೋಟ ಚಹಾದಲ್ಲಿ ಕೆಫೀನ್ 40 ಮಿಲಿಗ್ರಾಂನಷ್ಟು, ಗಟ್ಟಿ ಡಿಕಾಕ್ಷನ್ ಕಾಫಿಯಲ್ಲಿ ಅದರ ಎರಡು ಪಟ್ಟೋ ಇನ್ನೂ ಹೆಚ್ಚೋ ಇರಬಹುದು.

ಕೊನೆಗೆ, ಸಂಜೆ ಚಹಾ ಕುಡಿಯುವವರಿಗೆ ಒಂದು ಲೆಕ್ಕ. ಥಿಯನೀನ್ ಇದೆ, ನಿದ್ದೆಗೇನೂ ಆಗುವುದಿಲ್ಲ ಅನ್ನುವ ಧೈರ್ಯ ಕೆಲವರಿಗಿದೆ. ರಕ್ತದಲ್ಲಿ ಥಿಯನೀನ್ ಅರ್ಧಕ್ಕೆ ಇಳಿಯುವುದಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಾಕು. ಕೆಫೀನ್‌ಗೆ ಸುಮಾರು ಐದು ಗಂಟೆ ಬೇಕು. ಸಂಜೆ 6ಕ್ಕೆ ಒಂದು ಲೋಟ ಕುಡಿದಿರಿ ಅನ್ನಿ. ರಾತ್ರಿ 11ಕ್ಕೆ ಮಲಗುವಾಗ 25 ಮಿಲಿಗ್ರಾಂ ಥಿಯನೀನಿನಲ್ಲಿ ಉಳಿದಿರುವುದು ಒಂದು ಮಿಲಿಗ್ರಾಂನಷ್ಟು. ಕೆಫೀನ್ ಇನ್ನೂ 20 ಮಿಲಿಗ್ರಾಂ ಇರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಕೆಫೀನ್ ಬೇಗ ಕರಗುತ್ತದೆ. ಬಸುರಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಹತ್ತು ಹದಿನೈದು ಗಂಟೆ ಕಳೆದರೂ ಅರ್ಧ ಉಳಿದಿರಬಹುದು.

ನಮಸ್ಕಾರ.